ಡಬ್ಬಿ ಮೇಷ್ಟ್ರ ಮೊದಲನೇ ಡಬ್ಬಿ

ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರಿನ ಅಸೆಂಬ್ಲಿ ಭಾಷೆ ಕಲಿಸುವವರನ್ನು ಎಲ್ಲರೂ ಡಬ್ಬಿ ಮೇಷ್ಟ್ರು ಅನ್ನುತ್ತಿದ್ದರು. ಪ್ರೋಗ್ರಾಮಿನೊಳಗಿನ ಫಂಕ್ಷನ್ ಎಂಬ ತುಂಡಿಗೆ ಕರೆ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಡಬ್ಬಿ ಬರೆಯುವುದು ಅವರ ಪದ್ಧತಿ. ಒಳಗೆ ಎರಡೇ ಸಾಮಾನು: ಕೆಲಸ ಮುಗಿದ ಮೇಲೆ ಯಾವ ಸಾಲಿಗೆ ಮರಳಬೇಕೆಂಬ ರಿಟರ್ನ್ ಅಡ್ರೆಸ್, ಮತ್ತು ಕಂಪ್ಯೂಟರಿನ ರಿಜಿಸ್ಟರೆಂಬ ಪುಟ್ಟ ಗೂಡಿನಲ್ಲಿದ್ದ ಸಂಖ್ಯೆ.

"ಒಳಗಿನ ಕರೆ ಎರಡನ್ನೂ ಅಳಿಸಿಬಿಡತ್ತೆ ಕಣ್ರೋ, ಮೊದಲೇ ಎತ್ತಿಡಿ. ಮೊದಲನೇ ಡಬ್ಬಿಯಂತೂ ಜೋಪಾನ, ಮನೆ ದಾರಿ ಇರೋದು ಅದರಲ್ಲೇ!" ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನನಗೆ ಇದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು.

ಈಚೆಗೆ ಅವರಿಗೆ ಮರೆವು. ಹುಡುಗರು ದೂರು ಕೊಟ್ಟರು. ಪ್ರಿನ್ಸಿಪಾಲರು ಒಂದು ಪಾಠ ಕೂತು ನೋಡುತ್ತೇನೆ, ಸರಿಯಿಲ್ಲದಿದ್ದರೆ ತರಗತಿ ಬಿಡಿಸುತ್ತೇನೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಜಗಳವಾಡಿ ಫ್ಯಾಕ್ಟೋರಿಯಲ್ ಪಾಠವನ್ನೇ ಇಡಿಸಿದೆ. "ಅದನ್ನ ನಿದ್ದೇಲೂ ಮಾಡ್ತಾರೆ ಸರ್."

"ಮನೇಲಿ ಗೋಡೆ ಬಿಟ್ಟರೆ ಯಾರೂ ಇಲ್ಲಮ್ಮ. ಈ ಬೋರ್ಡೂ ಹೋದ್ರೆ ನಾನೇನು ಮಾಡ್ಲಿ?" ಎಂದರು ಮೇಷ್ಟ್ರು. ನಾನು ಧೈರ್ಯ ಹೇಳಿದೆ.

ಪಾಠ ಚೆನ್ನಾಗಿಯೇ ಶುರುವಾಯಿತು. ಮುಖ್ಯ ಪ್ರೋಗ್ರಾಮ್ ನಾಲ್ಕರ ಫ್ಯಾಕ್ಟೋರಿಯಲ್ ಕೇಳಿತು, ಅಂದರೆ ನಾಲ್ಕರಿಂದ ಒಂದರವರೆಗಿನ ಸಂಖ್ಯೆಗಳ ಗುಣಲಬ್ಧ. ಉತ್ತರ ಬಂದ ಮೇಲೆ ಮೂರನೇ ಸಾಲಿಗೆ ಮರಳಬೇಕು. ಫಂಕ್ಷನ್ ತನ್ನನ್ನೇ ಕರೆದುಕೊಂಡಾಗ ಮಾತ್ರ ಮರಳುವುದು ಹತ್ತನೇ ಸಾಲಿಗೆ, ಗುಣಾಕಾರದ ಹತ್ತಿರಕ್ಕೆ. ಮೇಷ್ಟ್ರು ಮೇಲಿನಿಂದ ಕೆಳಕ್ಕೆ ನಾಲ್ಕು, ಮೂರು, ಎರಡು, ಒಂದು ಎಂದು ಡಬ್ಬಿ ಬರೆದು ಪ್ರತಿಯೊಂದರಲ್ಲೂ ಹತ್ತು ಎಂದು ಬರೆದರು. ಮೊದಲನೆಯದರಲ್ಲೂ.

ಕೆಳಗಿನ ಡಬ್ಬಿ ಅಳಿಸಿದರು: ಒಂದು. ಹತ್ತನೇ ಸಾಲಿಗೆ ಮರಳಿ ಎರಡರಿಂದ ಗುಣಿಸಿದರು: ಎರಡು. ಆ ಡಬ್ಬಿಯೂ ಹೋಯಿತು. ಮೂರರಿಂದ ಗುಣಿಸಿ ಆರು, ನಾಲ್ಕರಿಂದ ಗುಣಿಸಿ ಇಪ್ಪತ್ನಾಲ್ಕು. ಕೊನೆಗೆ ಉಳಿದಿದ್ದ ಮೊದಲನೇ ಡಬ್ಬಿಯನ್ನು ಅಳಿಸುವ ಮುನ್ನ ಅದರ ಅಡ್ರೆಸ್ ಓದಿದರು. "ಹತ್ತು. ಗುಣಿಸ್ಬೇಕು..."

ಅದನ್ನೂ ಅಳಿಸಿದ ಮೇಲೆ ಗುಣಿಸಲು ಬೋರ್ಡಿನಲ್ಲಿ ಇನ್ನು ಡಬ್ಬಿಯೇ ಇರಲಿಲ್ಲ. ಮೇಷ್ಟ್ರು ಡಸ್ಟರ್ ಹಿಡಿದು ಮೇಲೆ ಕೆಳಗೆ ಹುಡುಕಿದರು. ದೂರು ಕೊಟ್ಟ ಹುಡುಗರೂ ತಲೆ ತಗ್ಗಿಸಿದರು.

"ಸಾಕು, ಕೂತ್ಕೊಳ್ಳಿ ಸರ್," ಎಂದರು ಪ್ರಿನ್ಸಿಪಾಲರು, ಮೆಲ್ಲಗೆ. ನಾಳೆಯಿಂದ ಆ ತರಗತಿ ನನ್ನದು ಎಂದೂ ಹೇಳಿದರು. ಅಯ್ಯೋ, ಆ ಪಾಠವನ್ನೇ ಹಟ ಹಿಡಿದು ಇಡಿಸಿದವಳು ನಾನು!

ಸಂಜೆ ಜೊತೆಯಲ್ಲೇ ಹೊರಟೆವು. "ಎಲ್ಲಿ ತಪ್ಪಿದೆ, ಹೇಳಮ್ಮ."

"ಮೊದಲನೇ ಡಬ್ಬಿ ಸರ್. ಅದರಲ್ಲಿ ಮೂರು ಇರ್ಬೇಕಿತ್ತು."

"ಹೌದಲ್ವಾ! ಥೂ, ನನ್ನ ಬುದ್ಧಿಗಿಷ್ಟು," ಎಂದು ನಕ್ಕರು.

ಗೇಟಿನ ಹತ್ತಿರ ನಗು ನಿಂತಿತು. ದಿನಾ ನಡೆದು ಹೋಗುತ್ತಿದ್ದ ರಸ್ತೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು.

"ಯಾವ ಕಡೆ ಹೋಗ್ಬೇಕಮ್ಮ ನಾನು?"

ನಾನು ಅವರ ಚೀಲ ತೆಗೆದುಕೊಂಡು ಬಲಕ್ಕೆ ತಿರುಗಿದೆ.