ದೊಡ್ಡವರ ಮಾತಿನ ಮಾಸ್ತರರು

ಸಿದ್ರಾಮ ಮಾಸ್ತರರನ್ನು ‘ಅವರು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಊರೆಲ್ಲ ಹಾಗೇ ಕರೆಯುತ್ತಿತ್ತು, ಅದಕ್ಕಾಗಿ ಬರೆಯುತ್ತೇನೆ. ಗೌರವವೇನೂ ಉಳಿದಿಲ್ಲ.

ಬಾಗೇವಾಡಿ ತಾಲೂಕಿನಲ್ಲಿ, ಗೊಳಸಂಗಿಯಿಂದ ಬಂಡಿಯಲ್ಲಿ ಹೊರಟರೆ ಊಟದ ಹೊತ್ತಿಗೆ ಮುಟ್ಟುವಂಥ ಊರು ಅದು. ಅಲ್ಲಿನ ಖಾಸಗಿ ಶಾಲೆಗೆ ನಾನು ಕನ್ನಡ ಕಲಿಸಲು ಬಂದಾಗ ಸಿದ್ರಾಮ ಮಾಸ್ತರರು ಆಗಲೇ ಹಳಬರು. ಶಾಲೆ ಹುಟ್ಟಿದ ದಿನದಿಂದ ಇದ್ದವರು ಅವರೊಬ್ಬರೇ. ಬಿಳಿ ಧೋತರ, ಕರಿ ಕೋಟು, ಕಂಕುಳಲ್ಲಿ ಕೆಂಪು ರಟ್ಟಿನ ಒಂದು ದಪ್ಪ ವಹಿ. ಅದರಲ್ಲಿ ದೊಡ್ಡವರ ಮಾತುಗಳು. ಗುರು, ತಾಯಿ, ಸತ್ಯ, ದುಡಿಮೆ, ಹೀಗೆ ಒಂದೊಂದು ವಿಷಯಕ್ಕೆ ಬೇರೆ ಬೇರೆ ಪುಟ. ಪೇಪರಿನಲ್ಲಿ, ಕ್ಯಾಲೆಂಡರಿನಲ್ಲಿ, ಔಷಧಿ ಅಂಗಡಿಯ ಜಾಹೀರಾತಿನಲ್ಲಿ ಯಾವ ಒಳ್ಳೆಯ ಮಾತು ಕಂಡರೂ ಅಲ್ಲೇ ನಿಂತು ಇಳಿಸಿಕೊಳ್ಳುತ್ತಿದ್ದರು. ಜ್ವರ ಬಂದು ರಜೆ ಕೇಳಿದರೆ ಆ ಅರ್ಜಿಯಲ್ಲೂ ಆರೋಗ್ಯದ ಮೇಲೆ ಒಬ್ಬ ಋಷಿ, ಒಬ್ಬ ಪಾಶ್ಚಾತ್ಯ ಪಂಡಿತ. ಜ್ವರ ಎಷ್ಟು ದಿನದಿಂದ ಎಂಬುದನ್ನು ಹೆಡ್ ಮಾಸ್ತರರು ಕರೆಸಿ ಕೇಳಬೇಕಾಗುತ್ತಿತ್ತು.

ಊರಿನವರು ಇದನ್ನು ವಿದ್ವತ್ತು ಎಂದು ತಿಳಿದಿದ್ದರು. ಹುಡುಗರೂ ಅದನ್ನೇ ಕಲಿತರು. ಆಕಳ ಮೇಲೆ ಪ್ರಬಂಧ ಬರೆಯಿರಿ ಎಂದರೆ ಮೂರು ಜನ ಮಹಾತ್ಮರು ಬಂದು ಹೋಗುತ್ತಿದ್ದರು, ಆಕಳ ಬಣ್ಣ ಯಾವುದೆಂದು ಒಬ್ಬ ಹುಡುಗನೂ ಬರೆಯುತ್ತಿರಲಿಲ್ಲ. ಹಾಲು ಕರೆದು ಶಾಲೆಗೆ ಬರುವ ಹುಡುಗರು ಅವರು. ಆ ವಹಿಗಳನ್ನು ತಿದ್ದುತ್ತ ನಾನು ಸಿದ್ರಾಮ ಮಾಸ್ತರರನ್ನು ಎಷ್ಟು ಸಲ ಮನಸ್ಸಿನಲ್ಲೇ ಬೈದಿದ್ದೇನೋ ಲೆಕ್ಕವಿಲ್ಲ.

ಅರವತ್ತೊಂದನೆಯ ಇಸವಿಯವರೆಗೆ ಅದು ಬರೀ ನಗುವ ವಿಷಯವಾಗಿತ್ತು. ಆ ವರ್ಷ ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತು. ಹೊಸ ಕಟ್ಟಡ ಎದ್ದಿತ್ತು. ಅದಕ್ಕೆ ಹೆಚ್ಚಿನ ದುಡ್ಡು ಕೊಟ್ಟವರು ಎಣ್ಣೆ ಗಾಣದ ಕುತುಬುದ್ದೀನ ಸಾಹುಕಾರರು. ಶಾಲೆಗೆ ತಮ್ಮ ತಂದೆಯ ಹೆಸರಿಡಬೇಕೆಂದು ಅವರ ಬೇಡಿಕೆ. ಆದರೆ ಶಾಲೆಯನ್ನು ಕಟ್ಟಿದವರು ಹತ್ತಿ ವ್ಯಾಪಾರದ ಚಮನಸಾಬರು. ಯಾರೂ ಜಾಗ ಕೊಡದಿದ್ದಾಗ ಹತ್ತಿ ತುಂಬಿಡುವ ತಮ್ಮ ವಖಾರಿಯನ್ನೇ ಖಾಲಿ ಮಾಡಿ ಮಕ್ಕಳನ್ನು ಕೂಡಿಸಿದವರು, ಹೊರಗಿಟ್ಟ ಹತ್ತಿ ಕೊಳೆತು ವ್ಯಾಪಾರ ಮುಳುಗಿದರೂ ವಖಾರಿ ಬಿಡಿಸಿಕೊಳ್ಳದವರು. ಅವರು ತೀರಿ ಬಹಳ ವರ್ಷವಾಗಿತ್ತು. ಆಗಿನ ಪಂಚರೂ ಒಬ್ಬೊಬ್ಬರಾಗಿ ಹೋಗಿದ್ದರು. ಶಾಲೆಯ ಹೊಸ ಆಡಳಿತ ಮಂಡಳಿಯವರಿಗೆ ಚಮನಸಾಬರೆಂದರೆ ಬರೀ ಒಂದು ಹೆಸರು.

ಮಂಡಳಿಯ ಅಧ್ಯಕ್ಷ ಗುರಪ್ಪನವರು ಕೆಟ್ಟ ಮನುಷ್ಯರಲ್ಲ. ಸ್ಮರಣ ಸಂಚಿಕೆಗೆ ಹೇಗೂ ಶಾಲೆಯ ಹುಟ್ಟಿನ ಮೇಲೆ ಒಂದು ಪ್ರಬಂಧ ಬೇಕು, ಕಣ್ಣಾರೆ ಕಂಡ ಸಿದ್ರಾಮ ಮಾಸ್ತರರು ಬರೆದು ಸಭೆಯಲ್ಲಿ ಓದಲಿ, ಅದನ್ನು ಕೇಳಿ ಇಬ್ಬರಲ್ಲಿ ಯಾರ ಹೆಸರೆಂದು ಗೊತ್ತು ಮಾಡೋಣ ಎಂದರು. ಚಮನಸಾಬರ ಹೆಂಡತಿ ದಾವಲಬಿ ಆಗಿನ್ನೂ ಇದ್ದರು. ಯಾರ ಮನೆಯ ಬಾಗಿಲಿಗೂ ಹೋಗದ ಮುದುಕಿ ಒಂದು ದಿನ ಶಾಲೆಗೆ ಬಂದು ಸಿದ್ರಾಮ ಮಾಸ್ತರರ ಎದುರು ನಿಂತು, ನಿಮಗೆಲ್ಲ ಗೊತ್ತಿದೆ, ನೀವೇ ಬರೆಯಬೇಕು ಎಂದಷ್ಟೇ ಹೇಳಿ ಹೋದರು.

ಸಂಚಿಕೆಯ ಸಂಪಾದಕ ನಾನಾದ್ದರಿಂದ ಪ್ರಬಂಧ ಮೊದಲು ನನ್ನ ಕೈಗೆ ಬಂತು. ಹದಿನೇಳು ಪುಟ. ಓದುತ್ತ ಹೋದಂತೆ ನನ್ನ ಮೈ ಉರಿಯಿತು. ಗುರುವಿನ ಮಹಿಮೆಯ ಮೇಲೆ ಹನ್ನೊಂದು ಪುಟ ಊರೂರ ಮಹಾನುಭಾವರು. ಉಳಿದದ್ದರಲ್ಲಿ ಡೆಪ್ಯುಟಿ ಸಾಹೇಬರ ಶೇರಾ. ಶಾಲೆ ತಪಾಸಿಸಲು ಬಂದ ಅಧಿಕಾರಿ ತನ್ನ ಅಭಿಪ್ರಾಯ ಬರೆದು ಹೋಗುತ್ತಾನಲ್ಲ, ಅದು. ಶಾಲೆಯ ಮೊದಲ ವರ್ಷದ್ದು. ಅದನ್ನು ತಲೆಯಿಂದ ಕಾಲಿನವರೆಗೆ ಇಳಿಸಿದ್ದರು. ನಕಾಶೆ ಹರಿದಿದೆ, ಹಾಜರಿ ಕಡಿಮೆ, ನೆಲ ಸಾರಿಸಿಲ್ಲ, ಎಲ್ಲವೂ.

ನಾನು ಅವರನ್ನು ಕೂಡಿಸಿಕೊಂಡು ಅವರ ಎದುರಿಗೇ ಕೆಂಪು ಪೆನ್ಸಿಲಿನಿಂದ ಬೇರೆಯವರ ಮಾತಿನ ಕೆಳಗೆಲ್ಲ ಗೆರೆ ಎಳೆದೆ. ಆಮೇಲೆ ಗೆರೆ ಇಲ್ಲದ್ದನ್ನು ಮಾತ್ರ ಓದಿ ಹೇಳಿದೆ. ‘ಎಂದು ಒಬ್ಬ ಮಹನೀಯರು ಹೇಳಿದ್ದಾರೆ. ಇದು ಎಷ್ಟು ನಿಜ. ಇನ್ನೊಬ್ಬರು ಇದನ್ನೇ ಹೀಗೆ ಹೇಳುತ್ತಾರೆ. ಡೆಪ್ಯುಟಿ ಸಾಹೇಬರು ಬರೆದದ್ದು ಹೀಗಿದೆ.’ ಹದಿನೇಳು ಪುಟಗಳಲ್ಲಿ ಮಾಸ್ತರರ ಸ್ವಂತ ಆಸ್ತಿ ಇಷ್ಟು. ಚಮನಸಾಬರ ಹೆಸರು ಎರಡು ಸಲ ಬಂದಿತ್ತು, ಎರಡೂ ಸಲ ಶೇರಾದೊಳಗೆ.

ಆ ಶೇರಾದ ಮಧ್ಯದಲ್ಲಿ ಬಂಗಾರದಂಥ ಒಂದು ವಾಕ್ಯವಿತ್ತು. ‘ಈ ಜಾಗ ಶಾಲೆಗೆ ತಕ್ಕದ್ದಲ್ಲ, ಆದರೆ ಊರಿನಲ್ಲಿ ಬೇರೆ ಯಾರೂ ಜಾಗ ಕೊಟ್ಟಿಲ್ಲ, ಮಾಲೀಕ ಚಮನಸಾಬರ ಹತ್ತಿ ಹೊರಗೆ ಮಳೆಯಲ್ಲಿ ತೊಯ್ಯುತ್ತಿದೆ, ಮಕ್ಕಳು ಒಳಗೆ ಬೆಚ್ಚಗೆ ಕುಳಿತಿದ್ದಾರೆ.’ ನಾನು ಅದಕ್ಕೆ ಬೆರಳಿಟ್ಟು ಹೇಳಿದೆ. ಇದೊಂದನ್ನು ಇಡಿಯಾಗಿ, ಅಕ್ಷರ ಬದಲಿಸದೆ ಇಟ್ಟುಕೊಳ್ಳಿ. ಊರಿಗೆ ಸಂಬಂಧವಿಲ್ಲದ ಸರಕಾರಿ ಮನುಷ್ಯ ಕಂಡು ಬರೆದದ್ದು, ಇದನ್ನು ನೀವು ಕಟ್ಟಿ ಹೇಳಿದಿರಿ ಎನ್ನಲು ಯಾರಿಗೂ ಆಗುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು ಎಂದು ಮೊದಲು ಹೇಳಿ. ಅದಾದ ಮೇಲೆ ಸುಮ್ಮನಾಗಬೇಡಿ, ಆ ಮಾತಿನಿಂದ ಏನು ತಿಳಿಯಬೇಕೆಂದು ನಿಮ್ಮ ಬಾಯಿಂದ ಹೇಳಿ. ನಕಾಶೆ, ಹಾಜರಿ ಇವಕ್ಕೆ ನಿಮ್ಮದೇ ಒಂದು ಸಾಲು ಸಾಕು. ಮಹಾನುಭಾವರಿಗೆ ಕೈ ಮುಗಿದು ಮನೆಗೆ ಕಳಿಸಿ, ಅವರು ಗುರುವಿನ ಬಗ್ಗೆ ಹೇಳಿದ್ದು ನಿಜವೇ ಇರಬಹುದು, ಆದರೆ ಈ ಸಭೆ ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವಲ್ಲ. ಉಳಿದದ್ದೆಲ್ಲ ನೀವು ಕಂಡದ್ದು ಬರೆಯಿರಿ.

ಅವರು ಕೋಟಿನ ಗುಂಡಿ ತಿರುವುತ್ತ ಅಂದರು.

“ನಾ ಎಷ್ಟರಾಂವ್ರಿ? ಅಷ್ಟ ದೊಡ್ಡವರು ಹೇಳಿದ ಮ್ಯಾಲ ನಂದೇನೈತಿ ಹೇಳೂದು?”

ಇದನ್ನು ಕೇಳಿದವರು ಎಂಥ ವಿನಯ ಎನ್ನುತ್ತಿದ್ದರು. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಚಮನಸಾಬರು ವಖಾರಿ ಬಿಟ್ಟುಕೊಟ್ಟದ್ದನ್ನು ನಾನು ಕಂಡಿದ್ದೇನೆ ಎಂದು ಬರೆದರೆ, ನೀನು ಹೀಗೆ ಹೇಗೆ ಬರೆದೆ ಎಂದು ಕುತುಬುದ್ದೀನ ಸಾಹುಕಾರರು ನಾಳೆ ಕೇಳಬಹುದು. ಋಷಿಯ ಮಾತು ಬರೆದರೆ ಕೇಳುವವರು ಯಾರು? ಇಷ್ಟು ವರ್ಷ ಈ ಮನುಷ್ಯ ವಹಿಯಲ್ಲಿ ಕೂಡಿಹಾಕಿದ್ದು ಜ್ಞಾನವಲ್ಲ, ಅಡಗಿಕೊಳ್ಳಲು ಜಾಗ. ಅದನ್ನು ಅವರ ಮುಖಕ್ಕೇ ಹೇಳಿದೆ. ತಲೆಯಾಡಿಸಿ, ತಿದ್ದಿಕೊಂಡು ಬರುತ್ತೇನೆ ಎಂದು ಹಾಳೆ ಮಡಚಿಕೊಂಡು ಹೋದರು.

ಸಭೆ ಸೇರಿದ್ದು ಹೊಸ ಕಟ್ಟಡದ ದೊಡ್ಡ ಕೋಣೆಯಲ್ಲಿ. ದಾವಲಬಿ ಹೊರಗೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮಾಸ್ತರರು ಎದ್ದು ಓದತೊಡಗಿದರು. ತಿದ್ದಿದ್ದು ಏನೆಂದರೆ ಇನ್ನಿಬ್ಬರು ಮಹನೀಯರನ್ನು ಸೇರಿಸಿದ್ದು. ಅಷ್ಟೊತ್ತಿಗೆ ಮಂಡಳಿಯ ಒಬ್ಬರು ಎಲೆಯಡಿಕೆ ತೆಗೆದರು, ಇನ್ನೊಬ್ಬರು ತೂಕಡಿಸಿದರು. ಶೇರಾ ಬಂದಾಗ ಮಾಸ್ತರರು ಅದನ್ನೂ ಅದೇ ರಾಗದಲ್ಲಿ ಓದಿದರು. ಹರಿದ ನಕಾಶೆ ಮತ್ತು ಸಾರಿಸದ ನೆಲದ ನಡುವೆ ಆ ಬಂಗಾರದ ವಾಕ್ಯ ಬಂದು ಹೋಯಿತು, ಯಾರ ಕಿವಿಗೂ ಬೀಳಲಿಲ್ಲ.

ಬೀಳಲಿಲ್ಲ ಎಂದದ್ದು ತಪ್ಪು, ಒಬ್ಬರ ಕಿವಿಗೆ ಬಿದ್ದಿತ್ತು. ಓದು ಮುಗಿದ ಮೇಲೆ ಕುತುಬುದ್ದೀನ ಸಾಹುಕಾರರು ನಿಧಾನವಾಗಿ ಎದ್ದರು. ಪುಸ್ತಕ ಮುಟ್ಟದ ಮನುಷ್ಯ, ಆದರೆ ಯಾವ ಮಾತನ್ನು ಎಲ್ಲಿಡಬೇಕೆಂಬುದು ಮಾಸ್ತರರಿಗಿಂತ ಚೆನ್ನಾಗಿ ಗೊತ್ತಿತ್ತು.

“ಡೆಪ್ಯುಟಿ ಸಾಹೇಬ್ರು ಏನ್ ಬರದಾರ ಕೇಳಿದ್ರಲ್ಲ? ‘ಈ ಜಾಗ ಶಾಲೆಗೆ ತಕ್ಕದ್ದಲ್ಲ.’ ಸರಕಾರದ ಮಾತ್ರಿ ಇದು, ನಂದಲ್ಲ. ತಕ್ಕ ಜಾಗ ಈಗ ಆಗೈತಿ. ಯಾರಿಂದ ಆತು ಅನ್ನೂದ ನಿಮಗ ಬಿಟ್ಟದ್ದು.”

ಒಂದೇ ಮಾತು ಎತ್ತಿದರು, ಅದರಿಂದ ಏನು ತಿಳಿಯಬೇಕೋ ಅದನ್ನು ತಮ್ಮ ಬಾಯಿಂದ ಹೇಳಿದರು, ಕುಳಿತರು. ನಾನು ಮಾಸ್ತರರಿಗೆ ಕಲಿಸಲು ಹೊರಟ ರೀತಿಯೇ ಅದು, ಆದರೆ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದ್ದರು. ಇದು ಬರೀ ಕಳ್ಳತನ. ನಾನು ತಡೆಯಲಾರದೆ ಎದ್ದು, ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ, ‘ಆದರೆ’ ಎಂದು ಮುಂದೆ ಹೋಗುತ್ತದೆ ಎಂದೆ. ನಿನ್ನೆ ಮೊನ್ನೆ ಬಂದವರಿಗೆ ಏನು ಗೊತ್ತು ಎಂದು ಯಾರೋ ಅಂದರು. ಗುರಪ್ಪನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ಸಿದ್ರಾಮ ಮಾಸ್ತರರ ಕಡೆ ತಿರುಗಿದರು.

“ಮಾಸ್ತರ್ರ, ಹಾಳಿ ಬಾಜೂಕ ಇಡ್ರಿ. ಆವಾಗ ನೀವ ಅಲ್ಲಿದ್ದವ್ರು. ಖರೇ ಏನಿತ್ತು, ನಿಮ್ಮ ಬಾಯಿಲೇ ಹೇಳ್ರಿ.”

ಇದಕ್ಕಿಂತ ಒಳ್ಳೆಯ ಅವಕಾಶ ದೇವರೂ ಕೊಡಲಾರ. ಎರಡು ವಾಕ್ಯ ಸಾಕಿತ್ತು. ಮಾಸ್ತರರು ಸಾಹುಕಾರರ ಮುಖ ನೋಡಿದರು, ಹಾಳೆ ನೋಡಿದರು. ಆಮೇಲೆ ಸತ್ಯದ ಬಗ್ಗೆ ಯಾವುದೋ ದೇಶದ ಯಾವನೋ ಪಂಡಿತ ಹೇಳಿದ್ದನ್ನು ಹೇಳಿ ಕುಳಿತರು.

ಗುರಪ್ಪನವರು ಮಂಡಳಿಯವರ ಕೈಯೆತ್ತಿಸಿದರು. ಸಾಹುಕಾರರ ತಂದೆಯ ಹೆಸರು ಪಾಸಾಯಿತು.

ಜನ ಹೊರಗೆ ಬಂದಾಗ ದಾವಲಬಿ ಎದ್ದು ನಿಂತಿದ್ದರು. ಮಾಸ್ತರರು ಸರಿದು ಹೋಗಲು ನೋಡಿದರು, ಪಡಸಾಲೆ ಇಕ್ಕಟ್ಟು, ಆಗಲಿಲ್ಲ. ಮುದುಕಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟೆಲ್ಲ ನನ್ನಲ್ಲೇ ಇತ್ತು.

“ಎಲ್ಲಾರ ಮಾತೂ ಕೇಳಿದ್ನಿ ಮಾಸ್ತರ್ರ. ನಿಮ್ಮ ಮಾತು ಯಾವುದಿತ್ರಿ ಅದರಾಗ?”

“ಚಾಚಿ, ಅವರೆಲ್ಲಾ ಭಾಳ ದೊಡ್ಡವರು...”

“ಇರ್ಲಿ. ಹತ್ತಿ ಹೊರಗ ಹಾಕೂ ಮುಂದ ಅವರ್ಯಾರೂ ಇರ್ಲಿಲ್ಲ. ಅಂಡಿಗಿ ಆ ಕಡಿ ನೀವ್ ಹಿಡದಿದ್ರಿ, ಈ ಕಡಿ ನಾ ಹಿಡದಿದ್ನಿ.”

ಅಷ್ಟು ಹೇಳಿ ಸೆರಗು ಹೊದ್ದುಕೊಂಡು ಮೆಟ್ಟಿಲು ಇಳಿದರು. ಮಾಸ್ತರರು ಕಂಕುಳಲ್ಲಿದ್ದ ವಹಿಯನ್ನು ಬಿಗಿಯಾಗಿ ಒತ್ತಿ ಹಿಡಿದು ನಿಂತಿದ್ದರು. ಹತ್ತಿಯ ಅಂಡಿಗೆಯನ್ನು, ಆ ದೊಡ್ಡ ಮೂಟೆಯನ್ನು, ಆ ಕೈಗಳು ಎತ್ತಿದ್ದವೆಂಬುದು ನನಗೆ ಗೊತ್ತಾದದ್ದೇ ಆಗ. ಹದಿನೇಳು ಪುಟ ಬರೆದ ಮನುಷ್ಯ ಅದೊಂದನ್ನು ಬರೆದಿರಲಿಲ್ಲ.