ಮುಖ ಬರೆದವಳು ದೊಡ್ಡಮಗಳು

ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ನೆಲಮಾಳಿಗೆಯಲ್ಲಿ ಕೂತು ಹರಿದ ಕಾಗದಕ್ಕೆ ಅಂಟು ಹಚ್ಚುವುದೇ ಕೆಲಸ. ಓದು ಹತ್ತನೇ ತರಗತಿಗೇ ನಿಂತಿತ್ತು. ಹಳೆಯ ಕೈಬರಹ ಓದುವುದನ್ನು ಆ ಕಾಗದಗಳೇ ಕಲಿಸಿದ್ದವು. "ಸತ್ತೋರ ಅಕ್ಷರ ಓದ್ತೀಯ, ನಾನು ಬರೆದ ಸಾಮಾನು ಚೀಟಿ ಮಾತ್ರ ಓದಕ್ಕಾಗಲ್ಲ," ಎಂದು ಅತ್ತೆ ಹಂಗಿಸುತ್ತಿದ್ದರು.

ಆ ವಾರ ಅವಳ ಮೇಜಿಗೆ ಬಂದದ್ದು ಮುನ್ನೂರು ವರ್ಷ ಹಳೆಯ ಚಿತ್ರಶಾಲೆಯೊಂದರ ಕೆಲಸದ ಪುಸ್ತಕ. ಆ ಶಾಲೆಯ ಯಜಮಾನ ಹೆಸರಾಂತ ಚಿತ್ರಕಾರ. ಅವನ ಚಿತ್ರಗಳ ಪ್ರದರ್ಶನ ಶುಕ್ರವಾರ ಶುರುವಾಗಲಿತ್ತು. ಪುಸ್ತಕದಲ್ಲಿ ಚಿತ್ರಕ್ಕೊಂದು ಸಾಲು: ಅಳತೆ, ಆಕಾಶ ಬಳಿದವರಾರು, ಬಟ್ಟೆ ಬರೆದವರಾರು, ಮುಖ ಬರೆದವರಾರು. ಮುಖ ಬರೆದವರ ಜಾಗದಲ್ಲಿ ಯಾವಾಗಲೂ 'ಯಜಮಾನರು'. ಬಿಡಿಯಾಗಿದ್ದ ಹಾಳೆಗಳಲ್ಲಿ ಕೊನೆಯದರ ಅಡಿಯಲ್ಲಿ ಒಂದೇ ಮಾತು: 'ಇಂದು ಯಜಮಾನರ ಬಲಗೈ ಬಿದ್ದುಹೋಯಿತು.'

ಅಂಟಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವನ ಮುದ್ರೆಯಿದ್ದ ಚಿತ್ರಗಳು ಆಮೇಲೂ ಏಳು ವರ್ಷ ಹೊರಬಂದಿದ್ದವು. ಮುಂದಿನ ಹಾಳೆಗಳೋ ತೇವ ಕುಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವನ್ನು ಮುಟ್ಟಬಾರದೆಂದು ಮುಖ್ಯಸ್ಥರು ಬರೆದೇ ಕೊಟ್ಟಿದ್ದರು.

ಮಂಗಳವಾರ ಅವಳು ಬಾಗಿಲು ಹಾಕಿಕೊಂಡಳು. ಒದ್ದೆ ಒತ್ತುಕಾಗದದ ನಡುವೆ ಹಾಳೆಗಳನ್ನಿಟ್ಟು ಎರಡು ಗಂಟೆ ಕಾದಳು. ಮೂಳೆಯ ತೆಳು ಪಟ್ಟಿಯನ್ನು ಅಂಚಿನಲ್ಲಿ ತೂರಿಸಿ ಕೂದಲೆಳೆಯಷ್ಟೇ ಸರಿಸಿದಳು. ಒಂದು ಕಡೆ ನಾರು ಚಿರ್ರೆಂದಿತು. ಉಸಿರು ಬಿಗಿಹಿಡಿದು, ಮತ್ತೆ ತೇವ ಕೊಟ್ಟು, ಮತ್ತೆ ಕಾದಳು. ಸಂಜೆಯ ಹೊತ್ತಿಗೆ ನಾಲ್ಕು ಹಾಳೆ ತೆರೆದುಕೊಂಡವು. ಮುಖ ಬರೆದವರ ಜಾಗದಲ್ಲಿ ಮೂರು ಕಡೆ 'ದೊಡ್ಡಮಗಳು' ಎಂದಿತ್ತು.

ಬುಧವಾರ ಅವಳು ಹಾಳೆಗಳನ್ನು ತೋರಿಸಿದಾಗ ಮುಖ್ಯಸ್ಥರು ಕೆಂಡಾಮಂಡಲವಾದರು. "ಹರಿದಿದ್ರೆ ಏನ್ರೀ ಗತಿ? ನಿಮ್ಮನ್ನ ಅಂಟಿಸೋಕೆ ಇಟ್ಕೊಂಡಿರೋದು, ಬಿಡಿಸೋಕಲ್ಲ!" ಆದರೂ ಮೇಷ್ಟ್ರಿಗೆ ಫೋನು ಮಾಡಿದರು. ಎಲ್ಲ ಕಾಲೇಜುಗಳಲ್ಲಿ ಓದಿಸುವ ಕಲಾಚರಿತ್ರೆ ಬರೆದವರು ಈ ಮೇಷ್ಟ್ರು. ವಯಸ್ಸಾದಂತೆ ಯಜಮಾನನ ಕುಂಚ ಮೃದುವಾಯಿತು ಎಂದು ಅದರಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದರು.

ಎಂಬತ್ತು ದಾಟಿದ ಮೇಷ್ಟ್ರು ಕೋಲೂರಿಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಹಾಳೆಯನ್ನು ಎರಡು ಸಲ ಓದಿದರು.

"ಹೆಸರೆಲ್ಲಿದೆಯಮ್ಮಾ?"

"ಹೆಸರಿಲ್ಲ ಸಾರ್. ದೊಡ್ಡಮಗಳು ಅಂತ ಅಷ್ಟೇ."

"ಮಗಳು ಮುಖಕ್ಕೆ ತಳಬಣ್ಣ ಮಾತ್ರ ಹಚ್ಚಿರಬಹುದು. ಬರೆದದ್ದು ಯಜಮಾನನೇ, ಎಡಗೈಲಿ. ಅದ್ಯಾಕಾಗಬಾರದು?"

ಅಂಟಕ್ಕ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು: "'ಕುರುಡು ಕೊಳಲುಗಾರ. ಎರಡು ಗೇಣು ನಾಲ್ಕು ಬೆರಳು. ದೊಡ್ಡಮಗಳು ಬರೆದ ಎಡಗಣ್ಣು ತೀರ ಮೇಲಕ್ಕಾಯಿತು. ಅದರ ಮೇಲೆ ಬಣ್ಣ ಬಳಿದು ತಾನೇ ಕೆಳಗೆ ಬರೆದಳು.' ಆ ಚಿತ್ರ ಮೇಲಿನ ಮಹಡೀಲೇ ಇದೆಯಲ್ಲ ಸಾರ್. ಪ್ರದರ್ಶನಕ್ಕೆ ಅಂತ ಎಕ್ಸ್-ರೇನೂ ತೆಗೆದಿದ್ದಾರೆ."

ಮುಖ್ಯಸ್ಥರು ತಾವೇ ಹೋಗಿ ಎಕ್ಸ್-ರೇ ತಂದರು. ಅದನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಮೂವರೂ ಬಗ್ಗಿ ನೋಡಿದರು. ಕಾಣುವ ಎಡಗಣ್ಣಿನ ಒಂದು ಬೆರಳು ಮೇಲೆ, ಬಣ್ಣದಡಿಯಲ್ಲಿ, ಇನ್ನೊಂದು ಕಣ್ಣಿತ್ತು. ಚಿತ್ರದ ಅಳತೆಯೂ ಪುಸ್ತಕದೊಂದಿಗೆ ತಾಳೆಯಾಯಿತು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ಚಿತ್ರಕಾರರ ಸಂಘದ ಪಟ್ಟಿ ನೋಡಿ ಬರೆದೆ ನಾನು. ಹೆಂಗಸರನ್ನ ಸಂಘಕ್ಕೆ ಸೇರಿಸ್ಕೊಳ್ತಾ ಇರಲಿಲ್ಲ. ಯಾರು ಬರೆದ್ರೂ ಯಜಮಾನನ ಮುದ್ರೆ ಇಲ್ದೆ ಮಾರೋ ಹಾಗಿರಲಿಲ್ಲ. ನನಗಿಂತ ಮುಂಚೆ ಬರೆದೋರೂ ಅದೇ ಪಟ್ಟಿ ನೋಡಿದ್ರು, ನಾನು ಅವರನ್ನ ನೋಡಿದೆ. ಪಟ್ಟೀಲಿ ಇಲ್ಲ ಅಂದ್ರೆ ಹೆಂಗಸರು ಬರೀಲೇ ಇಲ್ಲ ಅಂದ್ಕೊಂಡ್ಬಿಟ್ಟೆ." ಹಾಳೆಯ ಕಡೆ ಕೈ ತೋರಿಸಿ, "ಮನೆಯೊಳಗೆ ಯಾರು ಬರೀತಿದ್ರು ಅಂತ ಕೇಳಲೇ ಇಲ್ಲ," ಎಂದರು.

ಮುಖ್ಯಸ್ಥರು ಅಷ್ಟರಲ್ಲಿ ಆ ಕಡೆಯಿಂದ ಈ ಕಡೆಗೆ ವಾಲಿದ್ದರು. "ಹಾಗಾದ್ರೆ ಕೊನೇ ಏಳು ವರ್ಷದ ಇಪ್ಪತ್ತು ಚಿತ್ರಾನೂ ಮಗಳದ್ದೇ ಅಂತ ಹಾಕೋಣ! ಪತ್ರಿಕೆಯವರು ಮುಗಿಬೀಳ್ತಾರೆ."

"ಬೇಡ ಸಾರ್," ಎಂದಳು ಅಂಟಕ್ಕ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಗಾಬರಿ. "ಸಾಕ್ಷಿ ಇರೋದು ಮೂರಕ್ಕೆ. ಅದರಲ್ಲೂ ಮುಖಕ್ಕೆ ಮಾತ್ರ. ಬಟ್ಟೆ, ಆಕಾಶ ಬೇರೆಯವರದ್ದು. ಇಲ್ಲದ್ದು ಸೇರಿಸಿದ್ರೆ, ಇದೊಂದು ಸುಳ್ಳು ಅಂತ ಉಳಿದದ್ದನ್ನೂ ತಳ್ಳಿಹಾಕ್ತಾರೆ."

ಮುಖ್ಯಸ್ಥರ ಮುಖ ಕೆಂಪಾಯಿತು. ಮೇಷ್ಟ್ರು ಮೆಲ್ಲಗೆ ತಲೆಯಾಡಿಸಿದರು. "ಆಕೆ ಹೇಳಿದ್ದು ಸರಿ. ಮೂರೇ ಹಾಕಿ. ಉಳಿದದ್ದಕ್ಕೆ 'ಚಿತ್ರಶಾಲೆಯ ಕೆಲಸ' ಅಂತ ಬರೀರಿ."

ಶುಕ್ರವಾರ ಮೂರು ಚಿತ್ರಗಳ ಕೆಳಗೆ ಹೊಸ ಚೀಟಿ ಬಿತ್ತು: 'ಮುಖ: ಯಜಮಾನರ ಹಿರಿಯ ಮಗಳು, ಹೆಸರು ತಿಳಿಯದು.' ಅದೇ ದಿನ ಅಂಟಕ್ಕನ ಕೈಗೆ ಮೆಮೊ ಬಂತು, ಆದೇಶ ಮೀರಿದ್ದಕ್ಕೆ. ಅವಳು ಸಹಿ ಹಾಕಿಕೊಟ್ಟಳು.

ಮುಂದಿನ ಸೋಮವಾರ ಮೇಷ್ಟ್ರು ಉಗ್ರಾಣದ ಕೀಲಿ ಕೇಳಿದರು. 'ಮನೆವಾರ್ತೆ' ಎಂದು ಹಣೆಪಟ್ಟಿ ಹಚ್ಚಿ, ಯಾರೂ ಬಿಚ್ಚದೆ ಇಟ್ಟ ಹನ್ನೊಂದು ಕಟ್ಟುಗಳು ಅಲ್ಲಿದ್ದವು. ಎಲ್ಲವೂ ಬೇರೆ ಬೇರೆ ಚಿತ್ರಶಾಲೆಗಳವು. ಮೊದಲನೆಯದನ್ನು ಬಿಚ್ಚಿದ ಅಂಟಕ್ಕ ಮೂರನೆಯ ಹಾಳೆಯಲ್ಲೇ ನಿಂತಳು. ಬಟ್ಟೆ ಬರೆದವರು: 'ತಮ್ಮನ ಹೆಂಡತಿ.' ಚಿನ್ನದ ಗೆರೆ ಎಳೆದವರು: 'ವಿಧವೆ ಅತ್ತೆ.'

"ಓದಮ್ಮಾ, ನಾನು ಬರ್ಕೋತೀನಿ," ಎಂದರು ಮೇಷ್ಟ್ರು.