ದರ ಸಿಗದ ದಿನ ಏನು ಬರೆಯಬೇಕು

ನನ್ನ ಹೆಂಡತಿ ತೀರಿಕೊಂಡ ಮೂರನೇ ದಿನವೂ ಬೆಳಿಗ್ಗೆ ಆರು ಗಂಟೆಗೆ ಅವಳು ಬರೆದಿದ್ದ ಕಂಪ್ಯೂಟರ್ ಪ್ರೋಗ್ರಾಮಿನ ಮೆಸೇಜು ನನ್ನ ಫೋನಿಗೆ ಬಂದಿತ್ತು. ಎರಡು ಫ್ರಿಜ್ಜಿನ ಬೆಲೆ ಇಳಿದಿದೆ, ಒಂದು ಮಿಕ್ಸರಿನದು ಏರಿದೆ. ಮನೆಯಲ್ಲಿ ನೆಂಟರು ತುಂಬಿದ್ದರು. ನಾನು ಓದಿ ಫೋನನ್ನು ಮಗುಚಿ ಇಟ್ಟೆ.

ನಾನು ಹೊಸಪೇಟೆಯ ಒಂದು ಗೃಹೋಪಯೋಗಿ ಸಾಮಾನುಗಳ ಅಂಗಡಿಯಲ್ಲಿ ದರ ನೋಡಿಕೊಳ್ಳುವವನು. ಮೊದಲು ದಿನಾ ಬೆಳಿಗ್ಗೆ ಬಳ್ಳಾರಿ, ಗಂಗಾವತಿಯ ಅಂಗಡಿಗಳ ವೆಬ್‌ಸೈಟು ತೆರೆದು ಒಂದೊಂದೇ ಬೆಲೆ ಬರೆದುಕೊಳ್ಳುತ್ತಿದ್ದೆ. ಕಂಪ್ಯೂಟರ್ ಡಿಪ್ಲೊಮಾ ಓದಿದ್ದ ಅವಳು ಅದನ್ನು ನೋಡಿ ನಕ್ಕು, ಚಿತ್ತವಾಡ್ಗಿಯ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆದಳು. ದಿನಕ್ಕೊಮ್ಮೆ, ಯಾರು ಬೇಕಾದರೂ ನೋಡಬಹುದಾದ ಪುಟಗಳನ್ನಷ್ಟೇ, ನಡುನಡುವೆ ತಡೆದು ತಡೆದು ತೆರೆಯುವುದು. ಬೆಲೆ ಎತ್ತಿಕೊಂಡು ನಿನ್ನೆಯದರ ಜೊತೆ ಹೋಲಿಸುವುದು. ಬದಲಾದದ್ದನ್ನು ಮಾತ್ರ ನನಗೆ ಕಳಿಸುವುದು. ಅದನ್ನು ನಾನು ಅಂಗಡಿಯ ಸಾಹುಕಾರರಿಗೆ ಓದಿ ಹೇಳಿದರೆ ಅವರು ಅಂದಿನ ದರ ಕಟ್ಟುತ್ತಿದ್ದರು.

ಅವಳು ಹೋದ ಮೇಲೆ ನನಗಿದ್ದ ಹೆದರಿಕೆ ಒಂದೇ. ಇದು ನಿಂತರೆ ನಡೆಸುವವರು ಯಾರು? ಐದೂ ಮುಕ್ಕಾಲಿಗೇ ಎಚ್ಚರವಾಗುತ್ತಿತ್ತು. ಮೆಸೇಜು ಬರುವ ತನಕ ಹಾಸಿಗೆ ಬಿಡುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಶನಿವಾರ ತೋರಣಗಲ್ಲಿನ ಫ್ಯಾಕ್ಟರಿಯವನೊಬ್ಬ ಶಿಫ್ಟು ಮುಗಿಸಿ ಬಂದು ಫ್ರಿಜ್ಜಿನ ದರ ಕೇಳಿದ. ಹೇಳಿದೆ. ಅವನು ಫೋನು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಏನಣ್ಣಾ, ಬಳ್ಳಾರಿಯೊಳಗ ಒಂದೂವರಿ ಸಾವಿರ ಕಮ್ಮಿ ಐತಿ. ನೀವು ಇನ್ನಾ ಹೋದ ವಾರದಾಗ ಅದೀರೇನು?"

ಸಾಹುಕಾರರು ನನ್ನ ಕಡೆ ತಿರುಗಿದರು. "ಬಳ್ಳಾರಿದು ಏನೂ ಬದಲಿ ಇಲ್ಲ ಅಂತ ಮುಂಜಾನಿ ನೀನ ಹೇಳಿದಿಯಲ್ಲೋ ತಮ್ಮಾ?"

"ಹೌದ್ರಿ."

"ಎಷ್ಟು ದಿನದಿಂದ ಹಿಂಗ ಹೇಳಾಕತ್ತಿ?"

ಐದು ದಿನದಿಂದ. ಗಿರಾಕಿ ಹೋದ ಮೇಲೆ ಅವರು ದನಿ ಇಳಿಸಿ ಹೇಳಿದರು: "ಆಕಿ ಜಾಣಿ ಇದ್ದಳು, ಖರೇ. ಆದ್ರ ನೋಡವರು ಇಲ್ಲದ್ದು ನಡಿಯಂಗಿಲ್ಲ. ಸೋಮವಾರ ತನಕ ನೋಡು. ಇಲ್ಲಂದ್ರ ಬಂದ್ ಮಾಡಿಬಿಡು, ಬ್ಯಾರೆದು ಹಚ್ಚೋಣು."



ಭಾನುವಾರ ಬೆಳಿಗ್ಗೆ ಅವಳು ಬರೆದದ್ದನ್ನು ಮೊದಲ ಬಾರಿ ತೆರೆದು ಕೂತೆ. ಅರ್ಧಕ್ಕರ್ಧ ತಿಳಿಯಲಿಲ್ಲ. ಎಲ್ಲಿ ಮುಟ್ಟಿದರೆ ಏನು ಕೆಡುತ್ತದೋ ಎಂದು ಮೊದಲು ಒಂದು ನಕಲು ತೆಗೆದಿಟ್ಟೆ. ಬಳ್ಳಾರಿ ಅಂಗಡಿಯವರು ತಮ್ಮ ಪುಟವನ್ನು ಹೊಸದಾಗಿ ಮಾಡಿದ್ದರು. ಬೆಲೆ ಹಳೇ ಜಾಗದಲ್ಲಿ ಇರಲಿಲ್ಲ. ಜಾಗ ಖಾಲಿ ಕಂಡಾಗ ಪ್ರೋಗ್ರಾಮು ಹಿಂದಿನ ದಿನದ ಬೆಲೆಯನ್ನೇ ತುಂಬಿಕೊಳ್ಳುತ್ತಿತ್ತು. ನಿನ್ನೆಯದಕ್ಕೆ ನಿನ್ನೆಯದನ್ನೇ ಹೋಲಿಸಿದರೆ ಬದಲಾವಣೆ ಎಲ್ಲಿಂದ ಬರಬೇಕು? ಆ ಸಾಲಿನ ಪಕ್ಕ ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು: ಇವರು ಹೇಳಿದ್ದಕ್ಕೆ ಹೀಗೆ ಮಾಡಿದ್ದೇನೆ, ಸರಿಯಲ್ಲ.

ಇವರು ಅಂದರೆ ನಾನು. ಪಟ್ಟಿಯಲ್ಲಿ ಖಾಲಿ ಕಂಡರೆ ಸಾಹುಕಾರರು ರೇಗುತ್ತಿದ್ದರು. "ಖಾಲಿ ಬಿಡಬ್ಯಾಡ, ಏನರ ತುಂಬು" ಎಂದು ಅವಳಿಗೆ ಹೇಳಿದ್ದೆ.

"ಸಿಗದಿದ್ರ ಸಿಗಲಿಲ್ಲ ಅಂತ ಬರೀಬೇಕ್ರಿ. ನೋಡದ್ದನ್ನ ನೋಡಿದೆ ಅನ್ನಬಾರ್ದು" ಎಂದಿದ್ದಳು.

"ನೀ ಬೈಸಿಕೊಳ್ಳಂಗಿಲ್ಲ, ನಾ ಬೈಸಿಕೊಳ್ಳಾವ."

"ಹಂಗಾದ್ರ ನಿಮ್ಮ ಸಾಹುಕಾರ್ರಿಗೆ ನಾನ ಒಂದು ಫೋನ್ ಹಚ್ಚಲೇನು?" ಎಂದು ಕೀಟಲೆ ಮಾಡಿ, ಕೊನೆಗೆ ನಾನು ಹೇಳಿದಂತೆಯೇ ಮಾಡಿದ್ದಳು.

ಆಸ್ಪತ್ರೆಯ ಕೊನೆಯ ವಾರ ನೆನಪಾಯಿತು. ದಿನಾ ವಾರ್ಡಿನ ಬಾಗಿಲಲ್ಲಿ ನಿಂತು ಅವಳು ಹೇಗಿದ್ದಾಳೆ ಎಂದು ನರ್ಸುಗಳನ್ನು ಕೇಳುತ್ತಿದ್ದೆ. ಏನೂ ಬದಲಾವಣೆ ಇಲ್ಲ ಎನ್ನುತ್ತಿದ್ದರು. ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡು ಅಂಗಡಿಗೆ ಹೋಗುತ್ತಿದ್ದೆ. ಅವಳನ್ನು ಅಂದೇ ನೋಡಿ ಹೇಳುತ್ತಿದ್ದರೋ, ಹಿಂದಿನ ದಿನದ ಹಾಳೆ ನೋಡಿ ಹೇಳುತ್ತಿದ್ದರೋ, ನಾನು ಕೇಳಲಿಲ್ಲ.

ಆ ಸಾಲನ್ನು ತಿದ್ದಲು ಮಧ್ಯಾಹ್ನದವರೆಗೆ ಹಿಡಿಯಿತು. ಬೆಲೆ ಕಾಣದಿದ್ದರೆ ಹೋಲಿಸಬಾರದು, 'ಸಿಗಲಿಲ್ಲ' ಎಂದು ಬರೆದು ಕೊನೆಗೆ ಕಂಡ ತಾರೀಖು ಹಾಕಬೇಕು. ಹೊಸ ಪುಟದಲ್ಲಿ ಬೆಲೆಯ ಜಾಗ ಹುಡುಕಿ ಪ್ರೋಗ್ರಾಮಿಗೆ ತೋರಿಸುವುದು ಅಂದು ನನ್ನಿಂದ ಆಗಲಿಲ್ಲ.

ಸೋಮವಾರ ಆರು ದಾಟಿತು. ಮೆಸೇಜು ಬರಲಿಲ್ಲ. ಕೆಡಿಸಿಯೇಬಿಟ್ಟೆ ಎಂದುಕೊಂಡೆ. ಆರು ಗಂಟೆ ಏಳು ನಿಮಿಷಕ್ಕೆ ಫೋನು ನಡುಗಿತು. ಗಂಗಾವತಿ: ಒಂದು ಇಳಿದಿದೆ. ಬಳ್ಳಾರಿ: ಹನ್ನೊಂದು ಸಾಮಾನು ಸಿಗಲಿಲ್ಲ.

ಅಂಗಡಿಗೆ ಹೋಗಿ ಅದನ್ನೇ ಓದಿದೆ. "ಆಕಿ ತಪ್ಪಲ್ಲರಿ. ಖಾಲಿ ಬಿಡಬ್ಯಾಡ ಅಂದಾವ ನಾನು" ಎಂದೆ.

ಸಾಹುಕಾರರು ಲೆಕ್ಕದ ಪುಸ್ತಕ ಮುಚ್ಚಿದರು. "ನಾ ಬೈತೀನಂತ ಅಂಜಿ ಹೇಳಿದ್ದೇನು?"

"ಹೌದ್ರಿ."

"ಇರ್ಲಿ ಬಿಡು. ಬಂದ್ ಮಾಡಬ್ಯಾಡ." ಕನ್ನಡಕ ಹಾಕಿಕೊಂಡು ಸ್ಟೂಲನ್ನು ನನ್ನ ಪಕ್ಕ ಎಳೆದುಕೊಂಡರು. "ತೆಗಿ ಆ ಬಳ್ಳಾರಿಯವರ ವೆಬ್‌ಸೈಟು. ಹನ್ನೊಂದೂ ನೋಡೋಣು. ನೀ ಓದು, ನಾ ಬರಕೊಂತೀನಿ."